ಹೊಸ ಶಾಲೆಯ ಮೊದಲ ದಿನದ ದಿನಚರಿ: ‘ಮೊದಲು ದುಃಖ, ಆಮೇಲೆ ಸಂತೋಷ’ ಎಂಬ ಉತ್ತರಕ್ಕೆ ಎಷ್ಟು ಅಂಕ?

ಕಲ್ಯಾಣಪುರ ಟೀಚರ್

ನಮಸ್ಕಾರ. ನಾನು ಉಡುಪಿ ಕಡೆಯ ಒಂದು ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಮೊದಲ ಎಫ್‌ಎಗೆ ಅಪಠಿತ ಗದ್ಯ ಕೊಡಬೇಕಿತ್ತು. ಗೈಡಿನಲ್ಲಿ ಸಿಗುವಂಥದ್ದು ಬೇಡ ಅಂತ ಒಬ್ಬ ಹುಡುಗಿಯ ದಿನಚರಿ ಕೊಟ್ಟೆ. ಕುಂದಾಪುರದ ಕಡೆಯಿಂದ ಮಂಗಳೂರಿಗೆ ಬಂದವಳು, ಹೊಸ ಶಾಲೆಯ ಮೊದಲ ದಿನ. ಕೆಳಗೆ ಪೂರ್ತಿ ಹಾಕಿದ್ದೇನೆ.

> ಜೂನ್ 1, ಮಂಗಳವಾರ. ರಾತ್ರಿ.
>
> ಬೆಳಗ್ಗೆ ಅಪ್ಪ ಸ್ಟೇಟ್‌ಬ್ಯಾಂಕ್ ಬಸ್ಸಿಗೆ ಹತ್ತಿಸಿದರು. ಕಂಡಕ್ಟರ್ ತುಳುವಿನಲ್ಲಿ ಏನೋ ಹೇಳಿದ. ಹಿಂದಿದ್ದವರು ಮುಂದೆ ದೂಡಿದರು. ಶಾಲೆಯಲ್ಲಿ ಅಟೆಂಡರ್ ನನ್ನನ್ನು ಒಂಬತ್ತು ‘ಬಿ’ಗೆ ಕರೆದುಕೊಂಡು ಹೋಗಿ ಬಿಟ್ಟರು. ಟೀಚರ್ ಮೂರನೇ ಬೆಂಚಿನ ತುದಿಯಲ್ಲಿ ಕೂರಿಸಿದರು. ಜಗಲಿಯ ಸರಳಿನಲ್ಲಿ ಸಾಲಾಗಿ ಕೊಡೆ ನೇತುಹಾಕಿದ್ದರು, ಎಲ್ಲವೂ ಕಪ್ಪು. ನನ್ನ ಕೊಡೆ ನನ್ನ ಮಡಿಲಲ್ಲೇ ಇತ್ತು. ಲಂಗ ಒದ್ದೆಯಾಯಿತು. ನೀರು ಇಳಿದು ಮುಂದಿನ ಬೆಂಚಿನವರೆಗೂ ಹೋಯಿತು. ಮುಂದಿನವಳು ತಿರುಗಿ ನೋಡಿದಳು. ಹಾಜರಿ ಕರೆಯುವಾಗ ಶೀಟಿನ ಮೇಲೆ ಮಳೆ ಹೊಡೆಯುತ್ತಿತ್ತು. ನನ್ನ ಹೆಸರು ಎರಡು ಸಲ ಕರೆದರಂತೆ.
>
> ಮಧ್ಯಾಹ್ನ ಎಲ್ಲರೂ ಗುಂಪು ಗುಂಪಾಗಿ ಬುತ್ತಿ ಬಿಚ್ಚಿದರು. ನಾನು ನಳ್ಳಿಯ ಹತ್ತಿರ ಕೈ ತೊಳೆಯುತ್ತಲೇ ಇದ್ದೆ. ವಾಪಸ್ ಬಂದಾಗ ಕಿಟಕಿ ಪಕ್ಕದ ಹುಡುಗಿ “ಮುಲ್ಪ ಕುಲ್ಲು” ಅಂದಳು. ಅರ್ಥ ಆಗಲಿಲ್ಲ. ಅವಳು ಬೆಂಚನ್ನು ಎರಡು ಸಲ ತಟ್ಟಿದಳು. ಕೂತೆ. ಅಮ್ಮ ಹಾಕಿಕೊಟ್ಟ ಮಿಡಿ ಉಪ್ಪಿನಕಾಯಿ ಅವಳಿಗೆ ಕೊಟ್ಟೆ, ಅವಳು ಅರ್ಧ ನೀರ್‌ದೋಸೆಯನ್ನು ನನ್ನ ಬುತ್ತಿಯ ಮುಚ್ಚಳದ ಮೇಲೆ ಇಟ್ಟಳು. ಗಂಟೆ ಹೊಡೆಯುವ ಮೊದಲು ನನ್ನ ಕೊಡೆಯನ್ನು ಹೊರಗೆ ತೆಗೆದುಕೊಂಡು ಹೋಗಿ ಸರಳಿನ ತುದಿಯಲ್ಲಿ, ಉಳಿದವುಗಳಿಂದ ಸ್ವಲ್ಪ ದೂರದಲ್ಲಿ, ನೇತುಹಾಕಿದೆ.
>
> ಸಂಜೆ ಅಮ್ಮ ಶಾಲೆ ಹೇಗಿತ್ತು ಅಂತ ಕೇಳಿದರು. ಮಳೆ ಅಂದೆ. ಹಳೇ ಶಾಲೆಯಲ್ಲಿ ನನ್ನ ಜಾಗದಲ್ಲಿ ಈಗ ಯಾರು ಕೂತಿರಬಹುದು? ಅಲ್ಲಿ ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಇಲ್ಲಿ ಕಾಂಪೌಂಡು ಕಾಣುತ್ತದೆ. ಸುನೀತಾ ನಾಳೆ ಬೇಗ ಬಾ ಅಂದಿದ್ದಾಳೆ. ಬಿಡುವಾಗ ಸಾಲಿನಲ್ಲಿ ನನ್ನ ಕೊಡೆ ಯಾವುದು ಅಂತ ಹುಡುಕಲು ತುಂಬಾ ಹೊತ್ತಾಯಿತು. ನಾಳೆ ಹೋಗುವ ಮೊದಲು ಹಿಡಿಕೆಗೆ ಬಿಳಿ ಬಣ್ಣದಲ್ಲಿ ಹೆಸರು ಬರೆಯಬೇಕು.

ಪ್ರಶ್ನೆಗಳು ಇವು:

1. ಬೆಳಗ್ಗೆ ಹುಡುಗಿಯ ಮನಸ್ಥಿತಿ ಹೇಗಿತ್ತು? (2)
2. ಮಧ್ಯಾಹ್ನ ಏನು ಬದಲಾಯಿತು? (2)
3. ದಿನದ ಕೊನೆಗೆ ಅವಳ ಮನಸ್ಥಿತಿ ಬದಲಾಗಿದೆಯೇ? ಹೇಗೆ? (3)
4. ಅವಳ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? (3)

41 ಮಕ್ಕಳಲ್ಲಿ 29 ಮಂದಿ ಮೂರನೆಯದಕ್ಕೆ ಹೆಚ್ಚುಕಡಿಮೆ ಒಂದೇ ವಾಕ್ಯ ಬರೆದಿದ್ದಾರೆ: ಮೊದಲು ದುಃಖವಾಯಿತು, ಆಮೇಲೆ ಸಂತೋಷವಾಯಿತು. ನನ್ನ ಉತ್ತರಸೂಚಿಯಲ್ಲೂ ಸುಮಾರಾಗಿ ಅದೇ ಇತ್ತು, ಹಾಗಾಗಿ ಪೂರ್ತಿ ಅಂಕ ಕೊಟ್ಟೆ. ಮನೆಗೆ ಬಂದ ಮೇಲೆ ಮನಸ್ಸು ಒಪ್ಪಲಿಲ್ಲ. ಗದ್ಯ ಓದದೆಯೂ ಆ ವಾಕ್ಯ ಬರೆಯಬಹುದಲ್ಲವಾ? ಪ್ರಶ್ನೆಯೇ ಸರಿ ಇಲ್ಲವೋ, ಅಂಕ ಕೊಟ್ಟದ್ದು ಸರಿ ಇಲ್ಲವೋ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ಹೇಳಿ.

ಪದವಿನಂಗಡಿ ಬಿ.ಎಡ್

ಟೀಚರ್, ಗದ್ಯ ಬಹಳ ಚೆನ್ನಾಗಿದೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಮುಖ್ಯ ಸಂಕೇತ ಮಳೆ. ಬೆಳಗ್ಗೆ ಮಳೆ ಜೋರಾಗಿದೆ, ಅಂದರೆ ಅವಳ ಮನಸ್ಸಿನಲ್ಲೂ ಮಳೆ. ಸಂಜೆಯೂ “ಮಳೆ ಅಂದೆ” ಅಂತ ಬರುತ್ತದೆ, ಹಾಗಾಗಿ ದುಃಖ ಹಾಗೇ ಉಳಿದಿದೆ. ಪ್ರಶ್ನೆಯನ್ನು “ಮಳೆ ಏನನ್ನು ಸೂಚಿಸುತ್ತದೆ?” ಅಂತ ಕೇಳಿದ್ದರೆ ಮಕ್ಕಳು ಹಿಡಿಯುತ್ತಿದ್ದರು.

ನಿವೃತ್ತ ಮಾಷ್ಟ್ರು, ಕಾರ್ಕಳ

ಪದವಿನಂಗಡಿಯವರೇ, ನೀವು ಮಳೆಯನ್ನು ಗಮನಿಸಿದ್ದು ಒಳ್ಳೆಯದು, ಆದರೆ ಅದಕ್ಕೆ ಕೊಟ್ಟ ಅರ್ಥ ನಮ್ಮ ಊರಿಗೆ ಹೊಂದುವುದಿಲ್ಲ. ಜೂನ್ ಒಂದಕ್ಕೆ ಕರಾವಳಿಯಲ್ಲಿ ಮಳೆ ಬಂದರೆ ಯಾರಿಗೂ ಅದು ದುಃಖದ ಗುರುತಲ್ಲ. ಆ ಹುಡುಗಿ ಕುಂದಾಪುರದವಳು, ಅಲ್ಲಿಯೂ ಅಷ್ಟೇ ಮಳೆ. ಈ ಗದ್ಯದಲ್ಲಿ ಮಳೆ ಒಂದು ಕೆಲಸ ಮಾಡುತ್ತದೆ: ಶೀಟಿನ ಮೇಲೆ ಬಿದ್ದು ಅವಳ ಹೆಸರು ಅವಳಿಗೆ ಕೇಳಿಸದ ಹಾಗೆ ಮಾಡುತ್ತದೆ. ಅದನ್ನು ಬಿಟ್ಟು ಮಳೆ ಎಂದರೆ ದುಃಖ, ಬಿಸಿಲು ಎಂದರೆ ಸಂತೋಷ ಅಂತ ಮಕ್ಕಳಿಗೆ ಹೇಳಿಕೊಟ್ಟರೆ ಮುಂದಿನ ಸಲ ಮಳೆಯಲ್ಲಿ ಕುಣಿಯುವ ಹುಡುಗನ ಗದ್ಯ ಕೊಟ್ಟಾಗಲೂ ದುಃಖ ಅಂತಲೇ ಬರೆಯುತ್ತಾರೆ. ನಾನು ಪೇಪರ್ ತಿದ್ದುವಾಗ ಇದನ್ನು ಬೇಕಾದಷ್ಟು ನೋಡಿದ್ದೇನೆ.

ಟೀಚರ್, ನಿಮ್ಮ ನಾಲ್ಕು ಪ್ರಶ್ನೆಗಳಿಗೆ ಒಂದು ಪರೀಕ್ಷೆ ಮಾಡಿ ನೋಡಿ. ಗದ್ಯದ ಮೇಲೆ ಒಂದು ಹಾಳೆ ಮುಚ್ಚಿ. “ಹುಡುಗಿ ಹೊಸ ಶಾಲೆಗೆ ಹೋದಳು” ಎನ್ನುವುದು ಮಾತ್ರ ಗೊತ್ತಿದ್ದು ಉತ್ತರ ಬರೆಯಲು ಸಾಧ್ಯವೇ? ನಾಲ್ಕನೆಯದಕ್ಕೆ ಪೂರ್ತಿ ಬರೆಯಬಹುದು. ಒಂದನೆಯದಕ್ಕೂ ಬರೆಯಬಹುದು. ಮೂರನೆಯದಕ್ಕೆ ಆ 29 ಮಕ್ಕಳು ಬರೆದೇ ತೋರಿಸಿದ್ದಾರೆ. ಅಂದರೆ 10ರಲ್ಲಿ 8 ಅಂಕ ಗದ್ಯದ ಮೇಲೆ ನಿಂತಿಲ್ಲ. ತಪ್ಪು ಮಕ್ಕಳದ್ದಲ್ಲ.

ಅಂಕದ ಮಾತಿಗೆ ಬರುವ ಮೊದಲು ಒಂದು ಕೇಳಿಕೆ. ಬೇರೆ ಬೇರೆ ಥರದ ಎರಡು ಮೂರು ಉತ್ತರ ಇಲ್ಲಿ ಹಾಕಿ, ಮಕ್ಕಳ ಹೆಸರು ಬೇಡ.

ದಾವಣಗೆರೆಯಿಂದ ಸುರತ್ಕಲ್‌ಗೆ

ನಿಮ್ಮ ಮಗಳ ದಿನಚರಿ ಓದಿ ಕಣ್ಣಲ್ಲಿ ನೀರು ಬಂತು ಮೇಡಂ. ನಮ್ಮದೂ ಇದೇ ಕಥೆ ನೋಡ್ರಿ. ನಮ್ಮ ಯಜಮಾನರಿಗೆ ಈ ಕಡೆ ವರ್ಗ ಆತು, ಮಗನ್ನ ಎಂಟನೇ ಕ್ಲಾಸಿಗೆ ಇಲ್ಲಿ ಸೇರಿಸೀವಿ. ಮೂರು ವಾರ ಆತು. ಶಾಲೆ ಹೆಂಗಿತ್ತಪ್ಪ ಅಂದ್ರೆ “ಏನಿಲ್ಲ” ಅಂತಾನೆ, ಅಷ್ಟೇ. ಎಲ್ಲರೂ ತುಳು ಮಾತಾಡ್ತಾರೆ, ಇವನಿಗೆ ಒಂದಕ್ಷರ ಬರಂಗಿಲ್ಲ. ನಿಮ್ಮ ಮಗಳು ಎಷ್ಟು ದಿನಕ್ಕೆ ಹೊಂದಿಕೊಂಡಳು?

ಕಲ್ಯಾಣಪುರ ಟೀಚರ್

ಅಕ್ಕ, ಅದು ನನ್ನ ಮಗಳದ್ದಲ್ಲ. ಇದನ್ನು ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ಅದು ನನ್ನದೇ ದಿನಚರಿ, 1999ರದ್ದು. ಅಮ್ಮನ ಮನೆಯ ಟ್ರಂಕಿನಲ್ಲಿ ಹಳೇ ನೋಟುಬುಕ್ಕು ಸಿಕ್ಕಿತ್ತು. ಮಕ್ಕಳಿಗೆ ಕೊಡುವಾಗ ಭಾಷೆ ಸ್ವಲ್ಪ ತಿದ್ದಿದೆ. ಮೂಲದಲ್ಲಿ “ಬೇಜಾರಾಯಿತು” ಅಂತ ನಾಲ್ಕು ಕಡೆ ಇತ್ತು, ನಾಲ್ಕನ್ನೂ ತೆಗೆದೆ. ಅವು ಇದ್ದರೆ ಮಕ್ಕಳು ಅದನ್ನೇ ನಕಲು ಮಾಡಿ ಬರೆಯುತ್ತಾರೆ ಅಂತ.

ನಿಮ್ಮ ಮಗನ ವಿಷಯ ಓದಿ ನನಗೆ ಬಹಳ ಹತ್ತಿರ ಅನಿಸಿತು. ನನಗೆ ತುಳು ಕಿವಿಗೆ ಕೂರಲು ಸುಮಾರು ದಸರಾ ರಜೆಯವರೆಗೆ ಬೇಕಾಯಿತು. ಊಟ, ನಿದ್ದೆ ಸರಿ ಇದೆಯಾ ಅವನದ್ದು?

ಮಾಷ್ಟ್ರೇ, ಮೂರು ಉತ್ತರ ಇಲ್ಲಿವೆ. ನಾನು ಕೊಟ್ಟ ಅಂಕವನ್ನೂ ಹಾಕುತ್ತೇನೆ.

ಅ) “ಅವಳಿಗೆ ಮೊದಲು ದುಃಖವಾಯಿತು. ಆಮೇಲೆ ಗೆಳತಿ ಸಿಕ್ಕಿದ್ದರಿಂದ ಸಂತೋಷವಾಯಿತು.” ಕೊಟ್ಟದ್ದು 3.

ಆ) “ಬೆಳಗ್ಗೆ ಕೊಡೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮಧ್ಯಾಹ್ನ ಹೊರಗೆ ಇಟ್ಟಳು. ರಾತ್ರಿ ಹೆಸರು ಬರೆಯಬೇಕು ಅಂದುಕೊಂಡಳು.” ಕೊಟ್ಟದ್ದು 1. ಮನಸ್ಥಿತಿ ಏನು ಅಂತ ಬರೆದೇ ಇಲ್ಲವಲ್ಲ ಅಂತ.

ಇ) “ಬದಲಾಗಿಲ್ಲ. ಅವಳು ಇನ್ನೂ ಹಳೇ ಶಾಲೆಯ ಹೊಳೆಯನ್ನೇ ನೆನೆಯುತ್ತಾಳೆ. ಆದರೆ ನಾಳೆ ಹೋಗಲು ತಯಾರಾಗಿದ್ದಾಳೆ.” ಕೊಟ್ಟದ್ದು 0. ಸೂಚಿಯಲ್ಲಿ “ಬದಲಾಗಿದೆ” ಅಂತ ಇತ್ತು.

ಇಲ್ಲಿ ಟೈಪ್ ಮಾಡುವಾಗಲೇ ‘ಇ’ಗೆ ಸೊನ್ನೆ ಕೊಟ್ಟದ್ದು ನೋಡಿ ಹೊಟ್ಟೆಯಲ್ಲಿ ಕಸಿವಿಸಿ ಆಯಿತು.

ಬಡಗುತಿಟ್ಟು

ನಾನು ಮೇಷ್ಟ್ರಲ್ಲ, ಬ್ಯಾಂಕಿನಲ್ಲಿ ಕೆಲಸ. ತಾಳಮದ್ದಳೆಯಲ್ಲಿ ಹವ್ಯಾಸಕ್ಕೆ ಅರ್ಥ ಹೇಳುತ್ತೇನೆ. ನೀವು ನಾಲ್ಕು “ಬೇಜಾರು” ತೆಗೆದದ್ದು ತುಂಬ ಸರಿಯಾದ ಕೆಲಸ ಟೀಚರ್. ಅದಕ್ಕೆ ಹಳೆಯ ಆಧಾರವೇ ಉಂಟು. ಮಮ್ಮಟನ ಕಾವ್ಯಪ್ರಕಾಶದಲ್ಲಿ ರಸದೋಷಗಳ ಪಟ್ಟಿ ಶುರುವಾಗುವುದೇ ಇಲ್ಲಿಂದ: ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದು ದೋಷ. “ನನಗೆ ಶೋಕವಾಯಿತು” ಅಂದ ಕೂಡಲೇ ಕೇಳುವವನಿಗೆ ಶೋಕ ಆಗುವುದಿಲ್ಲ. ಭರತ ಹೇಳುವ ವಿಭಾವ, ಅನುಭಾವ ಬೇಕು. ಅಂದರೆ ಏನು ನಡೆಯಿತು, ಅದರಿಂದ ಮೈಕೈ ಏನು ಮಾಡಿತು.

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡುವುದು ಮಾತ್ರ. ಕರ್ಣಭೇದನ ಪ್ರಸಂಗದಲ್ಲಿ ಕೃಷ್ಣ ಜನ್ಮರಹಸ್ಯ ಹೇಳಿದ ಮೇಲೆ ಕರ್ಣ ಮಾಡಿದವನು “ಅಯ್ಯೋ, ನನಗೆ ದುಃಖವಾಗುತ್ತಿದೆ” ಅಂದರೆ ಸಭೆ ಎದ್ದು ಚಾಕ್ಕೆ ಹೋಗುತ್ತದೆ. ಒಳ್ಳೆಯ ಅರ್ಥಧಾರಿ ಅಲ್ಲಿ ಸಂಬೋಧನೆ ಬದಲಿಸುತ್ತಾನೆ, ಮಾತಿನ ನಡುವೆ ನಿಲ್ಲುತ್ತಾನೆ.

ಈ ದಿನಚರಿಯಲ್ಲೂ ಸಂಬೋಧನೆ ಬದಲಾಗುತ್ತದೆ, ನೋಡಿದಿರಾ? ಮಧ್ಯಾಹ್ನ “ಕಿಟಕಿ ಪಕ್ಕದ ಹುಡುಗಿ”. ರಾತ್ರಿ “ಸುನೀತಾ”. ನಡುವೆ ಎಲ್ಲಿಯೂ “ಅವಳ ಹೆಸರು ಸುನೀತಾ” ಅಂತ ಹೇಳುವುದಿಲ್ಲ. ಓದುವವನಿಗೆ ತಾನಾಗಿ ಗೊತ್ತಾಗುತ್ತದೆ. ಇದು ಅನುಭಾವಕ್ಕಿಂತಲೂ ಸೂಕ್ಷ್ಮ.

ಮಲ್ಪೆ ಹುಡುಗಿ

ನಾನು ಹತ್ತನೇ ಕ್ಲಾಸ್. ದೊಡ್ಡವರ ಮಧ್ಯೆ ಮಾತಾಡ್ತಿದ್ದೇನೆ, ತಪ್ಪು ತಿಳ್ಕೊಳ್ಬೇಡಿ. ನಾವು ಯಾಕೆ “ಮೊದಲು ದುಃಖ ಆಮೇಲೆ ಸಂತೋಷ” ಬರೀತೇವೆ ಅಂದ್ರೆ ಅದಕ್ಕೆ ಅಂಕ ಸಿಗ್ತದೆ. ನಮ್ಗೆ ಏಳನೇ ಕ್ಲಾಸಿಂದ ಹೇಳಿದ್ದಾರೆ, ಮನಸ್ಥಿತಿ ಅಂತ ಕೇಳಿದ್ರೆ ದುಃಖ, ಸಂತೋಷ, ಕೋಪ, ಭಯ, ಈ ನಾಲ್ಕರಲ್ಲಿ ಒಂದು ಬರೀಬೇಕು ಅಂತ. ಆ ಪದ ಇಲ್ಲದಿದ್ರೆ ಅಂಕ ಇಲ್ಲ. ‘ಆ’ ಉತ್ತರ ಬರೆದವರಿಗೆ 1 ಬಂತಲ್ಲ, ಅದೇ ಆಗುದು.

ಮತ್ತೆ ನಿಜವಾಗ್ಲೂ ದಿನಚರಿ ಬರೆಯುವವರು “ಬೇಜಾರು” ಅಂತ ಬರೀತಾರೆ. ನಾನೂ ಬರೀತೇನೆ. ಅದನ್ನು ತೆಗೆದ್ರೆ ಅದು ದಿನಚರಿ ಆಗ್ಲಿಕ್ಕಿಲ್ಲ, ಕಥೆ ಆಗ್ತದೆ.

ಬಡಗುತಿಟ್ಟು

ಮಗಾ, ನಿನ್ನ ಎರಡನೇ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಅದು ಸರಿ ಇರಬಹುದು.

ನಿವೃತ್ತ ಮಾಷ್ಟ್ರು, ಕಾರ್ಕಳ

ಮಲ್ಪೆಯ ಹುಡುಗಿ ಹೇಳಿದ್ದು ಈ ಚರ್ಚೆಯ ನಡುಮನೆಗೇ ಬಂದು ಕೂತಿತು. ನಾಲ್ಕು ಪದಗಳ ಪಟ್ಟಿ ನಾವೇ ಕೊಟ್ಟದ್ದು, ತಿದ್ದಲು ಸುಲಭ ಆಗಲಿ ಅಂತ. ಅದರ ಮೇಲೆ “ಬೇಜಾರು” ಬೇರೆ. ಆ ಒಂದು ಪದದೊಳಗೆ ನಮ್ಮವರು ಎಷ್ಟನ್ನು ತುಂಬುತ್ತಾರೆ ನೋಡಿ. ಕೆಲಸ ಇಲ್ಲದೆ ಕೂತರೆ ಬೇಜಾರು, ಯಾರಾದರೂ ಬೈದರೆ ಬೇಜಾರು, ಸಾವಿನ ಮನೆಗೆ ಹೋಗಿ ಬಂದರೂ ಬೇಜಾರು. ಮಗು ಉತ್ತರದಲ್ಲಿ “ಬೇಜಾರು” ಅಂತ ಬರೆದರೆ ನಾನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ “ಯಾವ ಥರ?” ಅಂತ ಬರೆಯುತ್ತಿದ್ದೆ. ಮುಂದಿನ ಸಲ ಅವರು ಅದನ್ನು ಬಿಡಿಸಿ ಬರೆಯುತ್ತಿದ್ದರು.

ಈಗ ಗದ್ಯಕ್ಕೆ ಬರೋಣ. ನನಗೆ ಇದರಲ್ಲಿ ಕಂಡದ್ದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲ ಪ್ಯಾರಾದ ಕ್ರಿಯಾಪದಗಳನ್ನು ಬೆರಳಿಟ್ಟು ಓದಿ. ಹತ್ತಿಸಿದರು, ಹೇಳಿದ, ದೂಡಿದರು, ಬಿಟ್ಟರು, ಕೂರಿಸಿದರು, ನೋಡಿದಳು. ಎಲ್ಲವನ್ನೂ ಬೇರೆಯವರು ಮಾಡುತ್ತಾರೆ, ಅವಳ ಮೇಲೆ ಮಾಡುತ್ತಾರೆ. “ನಾನು ಮಾಡಿದೆ” ಎನ್ನುವ ಒಂದೇ ಒಂದು ಕ್ರಿಯಾಪದ ಇಲ್ಲ. ಕೊಡೆಯೂ “ಇತ್ತು”, “ಇಟ್ಟುಕೊಂಡೆ” ಅಲ್ಲ. ಎರಡನೇ ಪ್ಯಾರಾದಲ್ಲಿ “ಕೂತೆ” ಅಂತ ಒಂದು ಪದದ ವಾಕ್ಯ ಬರುತ್ತದೆ. ಆಮೇಲೆ ಕೊಟ್ಟೆ, ನೇತುಹಾಕಿದೆ. ಕನ್ನಡದಲ್ಲಿ “ನಾನು” ಬರೆಯದಿದ್ದರೂ ಕ್ರಿಯಾಪದದ ತುದಿಯಲ್ಲಿ ಅದು ಕೂತಿರುತ್ತದೆ, ಅದನ್ನು ಎಣಿಸಲು ಎಂಟನೇ ತರಗತಿಯ ವ್ಯಾಕರಣ ಸಾಕು. ಅವಳು “ಕೈ ತೊಳೆಯುತ್ತಲೇ ಇದ್ದೆ” ಅನ್ನುವುದು ಈ ಎರಡರ ನಡುವಿನದ್ದು. ಕೈ ಕೊಳೆಯಾಗಿ ತೊಳೆದದ್ದಲ್ಲ, ಎಲ್ಲಿ ಹೋಗಿ ಕೂರಬೇಕೆಂದು ತಿಳಿಯದೆ ನಿಂತದ್ದು. ಆ “ಲೇ” ಅದನ್ನು ಹೇಳುತ್ತದೆ.

ಇನ್ನೊಂದು. “ಎರಡು ಸಲ ಕರೆದರಂತೆ”. ಈ “ಅಂತೆ” ಎಲ್ಲಿಂದ ಬಂತು? ಅವಳಿಗೆ ಕೇಳಿಸಲಿಲ್ಲ, ಆದರೆ ಆಮೇಲೆ ಯಾರೋ ಹೇಳಿದ್ದಾರೆ. ಯಾರು? ಟೀಚರ್ ಹೇಳಿರಬಹುದು, ಆದರೆ ಆ ದಿನ ಶಾಲೆಯಲ್ಲಿ ಅವಳ ಜೊತೆ ಮಾತಾಡಿದವಳು ಗದ್ಯದಲ್ಲಿ ಒಬ್ಬಳೇ. ಅಂದರೆ ಬೆಳಗ್ಗೆಯ ಪ್ಯಾರಾದ ಕೊನೆಯಲ್ಲೇ ಮಧ್ಯಾಹ್ನದ ಗೆಳತಿ ಅಡಗಿದ್ದಾಳೆ. ದಿನಚರಿ ರಾತ್ರಿ ಬರೆಯುವುದು. ಬೆಳಗ್ಗೆಯ ಕಷ್ಟವನ್ನು ಬರೆಯುವವಳಿಗೆ ಸಂಜೆಯ ಸಂಗತಿ ಗೊತ್ತಿರುತ್ತದೆ. “ಬೆಳಗ್ಗೆ ಅವಳ ಮನಸ್ಥಿತಿ ಹೇಗಿತ್ತು” ಅಂತ ಕೇಳುವಾಗ ನಾವು ಇದನ್ನು ಮರೆಯುತ್ತೇವೆ. ನಮಗೆ ಸಿಗುವುದು ರಾತ್ರಿ ಕೂತು ನೆನೆದ ಬೆಳಗ್ಗೆ.

ಅಂಕ: ನಾನಾದರೆ ಮೂರನ್ನು ಒಡೆಯುತ್ತೇನೆ. ಮನಸ್ಥಿತಿ ಏನೆಂದು ಹೇಳಿದ್ದಕ್ಕೆ 1, ಗದ್ಯದ ಒಂದು ಸಂಗತಿ ತೋರಿಸಿದ್ದಕ್ಕೆ 1, ಆ ಸಂಗತಿಯಿಂದ ಹಾಗೆ ಹೇಗೆ ಗೊತ್ತಾಗುತ್ತದೆ ಎಂಬುದಕ್ಕೆ 1. ಹಾಗೆ ನೋಡಿದರೆ ‘ಅ’ಗೆ 1, ಹೆಚ್ಚೆಂದರೆ ಒಂದೂವರೆ. ‘ಆ’ಗೆ 2. ‘ಇ’ಗೆ 3.

ಗಣಿತದವ

ಮಾಷ್ಟ್ರೇ, ‘ಇ’ಗೆ ಮೂರು ಹೇಗೆ? “ಬದಲಾಗಿಲ್ಲ” ಅಂತ ಬರೆದು “ಆದರೆ ನಾಳೆ ಹೋಗಲು ತಯಾರಾಗಿದ್ದಾಳೆ” ಅಂತ ಮುಗಿಸಿದ್ದಾನೆ. ಒಂದು ಉತ್ತರದಲ್ಲಿ ಹೌದು, ಇಲ್ಲ ಎರಡೂ ಉಂಟು. ನಮ್ಮಲ್ಲಿ ಹೀಗೆ ಬರೆದರೆ ತಪ್ಪು. ಹತ್ತು ಜನ ಮೇಷ್ಟ್ರು ತಿದ್ದಿದರೆ ಹತ್ತು ಅಂಕ ಬರುವ ಪ್ರಶ್ನೆಯನ್ನು ಕೊಡಲೇಬಾರದು. ಮಗುವಿಗೆ ಅನ್ಯಾಯ ಆಗುವುದು ಅಲ್ಲಿಯೇ.

ನಿವೃತ್ತ ಮಾಷ್ಟ್ರು, ಕಾರ್ಕಳ

ನಿಮ್ಮ ಕಾಳಜಿ ಒಪ್ಪುತ್ತೇನೆ, ತೀರ್ಪು ಒಪ್ಪುವುದಿಲ್ಲ. ಗದ್ಯದಲ್ಲೇ ಎರಡೂ ಉಂಟು. ಹೊಳೆ ಮತ್ತು ಕಾಂಪೌಂಡಿನ ವಾಕ್ಯ ಆದ ಕೂಡಲೇ ಸುನೀತಾಳ ವಾಕ್ಯ ಬರುತ್ತದೆ, ನಡುವೆ “ಆದರೆ” ಕೂಡ ಇಲ್ಲ. ಹಳೆಯದರ ನೆನಪು ಹೋಗಿಲ್ಲ, ಹೊಸದಕ್ಕೆ ಕಾಲು ಮುಂದೆ ಇಟ್ಟಿದ್ದಾಳೆ. ಆ ಮಗು ಕಂಡದ್ದನ್ನು ಬರೆದಿದೆ. “ಸಂತೋಷವಾಯಿತು” ಅಂತ ಬರೆದವರು ಹೊಳೆಯ ವಾಕ್ಯವನ್ನು ಬಿಟ್ಟೇ ಓದಿದ್ದಾರೆ.

ದಾವಣಗೆರೆಯಿಂದ ಸುರತ್ಕಲ್‌ಗೆ

ಮೇಡಂ, ನಾನು ತಪ್ಪು ತಿಳಕೊಂಡಿದ್ದೆ, ಇದು ಪರೀಕ್ಷೆ ವಿಷಯ ಅಂತ ಈಗ ಗೊತ್ತಾತು. ಆದರೂ ಓದ್ತಾ ಇದೀನಿ. ಊಟ ಮಾಡ್ತಾನೆ, ನಿದ್ದೆನೂ ಮಾಡ್ತಾನೆ. ಒಂದು ಕೇಳ್ಲಾ? “ಮಳೆ ಅಂದೆ” ಅನ್ನೋದು ಓದಿದಾಗಿಂದ ನನಗೆ ನನ್ನ ಮಗನ “ಏನಿಲ್ಲ” ನೆನಪಾಗ್ತೈತಿ. ಅವತ್ತು ನೀವು ಅಮ್ಮಗೆ ಯಾಕೆ ಹಂಗಂದ್ರಿ? ಸಿಟ್ಟಿತ್ತಾ?

ಕಲ್ಯಾಣಪುರ ಟೀಚರ್

ಅಕ್ಕ, ನಿಜವಾಗಿ ನೆನಪಿಲ್ಲ. ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಸಿಟ್ಟು ಇರಬಹುದು, ವರ್ಗ ಅಪ್ಪನದ್ದಾದರೂ ಸಿಟ್ಟು ಅಮ್ಮನ ಮೇಲೆ ಹೋಗುತ್ತಿತ್ತು. ಸುಸ್ತೂ ಇರಬಹುದು. ಅಥವಾ ನೀರ್‌ದೋಸೆಯ ಸಂಗತಿಯನ್ನು ಇನ್ನೂ ಸ್ವಲ್ಪ ಹೊತ್ತು ನನ್ನೊಳಗೇ ಇಟ್ಟುಕೊಳ್ಳಬೇಕು ಅನಿಸಿತ್ತೋ ಏನೋ. ಒಂದು ಪದದಲ್ಲಿ ಮುಗಿಸಿದರೆ ಮುಂದಿನ ಪ್ರಶ್ನೆ ಬರುವುದಿಲ್ಲ ಎನ್ನುವುದು ಮಾತ್ರ ಆ ವಯಸ್ಸಿನಲ್ಲಿ ಚೆನ್ನಾಗಿ ಗೊತ್ತಿತ್ತು.

ನನಗೆ ನೆನಪಿದ್ದಿದ್ದರೂ ಅದನ್ನು ಉತ್ತರಸೂಚಿಯಲ್ಲಿ ಹಾಕಲು ಆಗುತ್ತಿರಲಿಲ್ಲ. ಮಕ್ಕಳ ಮುಂದೆ ಇರುವುದು ಗದ್ಯ ಮಾತ್ರ.

ಪದವಿನಂಗಡಿ ಬಿ.ಎಡ್

ಮಳೆಯ ವಿಷಯದಲ್ಲಿ ನಾನು ಅವಸರ ಮಾಡಿದೆ, ಒಪ್ಪುತ್ತೇನೆ. ನಾನೂ ಇಲ್ಲಿಯವನೇ, ಜೂನ್ ಮಳೆಗೆ ನನಗೂ ದುಃಖ ಆದದ್ದಿಲ್ಲ, ಪುಸ್ತಕದಲ್ಲಿ ಓದಿದ್ದು ಬಾಯಿಗೆ ಬಂತು. ಹಾಗಾದರೆ ಕೊಡೆಯನ್ನು ಹಿಡಿದು ಪ್ರಶ್ನೆ ಮಾಡಬಹುದಲ್ಲ ಟೀಚರ್? “ಕೊಡೆಯ ಪ್ರಸ್ತಾಪ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಬರುತ್ತದೆ. ಪ್ರತಿ ಸಲ ಅವಳು ಅದನ್ನು ಏನು ಮಾಡುತ್ತಾಳೆ? ಅದರಿಂದ ಅವಳ ಮನಸ್ಸಿನ ಬಗ್ಗೆ ಏನು ತಿಳಿಯುತ್ತದೆ?” ಗದ್ಯ ಮುಚ್ಚಿದರೆ ಇದಕ್ಕೆ ಉತ್ತರಿಸಲು ಸಾಧ್ಯವೇ ಇಲ್ಲ.

ಬಡಗುತಿಟ್ಟು

ಅದು ಕೈಹಿಡಿದು ನಡೆಸಿದ ಹಾಗಾಯಿತು ಮಾರ್ರೆ. ಕೊಡೆ ಮುಖ್ಯ ಅಂತ ಕಂಡುಹಿಡಿಯುವುದೇ ಓದು. ಅದನ್ನು ಪ್ರಶ್ನೆಯಲ್ಲೇ ಹೇಳಿಬಿಟ್ಟರೆ ಮಗುವಿಗೆ ಉಳಿಯುವುದು ಹುಡುಕಿ ಬರೆಯುವ ಕೆಲಸ ಮಾತ್ರ.

ನಿವೃತ್ತ ಮಾಷ್ಟ್ರು, ಕಾರ್ಕಳ

ಇಬ್ಬರೂ ಸರಿ. ನಾನು ಮಾಡುತ್ತಿದ್ದದ್ದು ಹೀಗೆ: ಮೊದಲು ತೆರೆದ ಪ್ರಶ್ನೆ, “ದಿನದ ಕೊನೆಗೆ ಅವಳಲ್ಲಿ ಏನು ಬದಲಾಗಿದೆ, ಏನು ಬದಲಾಗಿಲ್ಲ? ಎರಡಕ್ಕೂ ಒಂದೊಂದು ಸಂಗತಿ ತೋರಿಸಿ.” ಅದರ ಹಾಳೆ ವಾಪಸ್ ತೆಗೆದುಕೊಂಡ ಮೇಲೆ ಕೊಡೆಯ ಪ್ರಶ್ನೆ ಬೇರೆ ಚೀಟಿಯಲ್ಲಿ. ಒಂದೇ ಹಾಳೆಯಲ್ಲಿ ಕೊಟ್ಟರೆ ಜಾಣ ಮಕ್ಕಳು ಕೆಳಗಿನದನ್ನು ನೋಡಿ ಮೇಲಿನದಕ್ಕೆ ಉತ್ತರ ತುಂಬುತ್ತಾರೆ. ಎರಡು ಚೀಟಿ ಮಾಡಿದರೆ ಯಾರು ತಾವಾಗಿ ಕಂಡರು, ಯಾರು ತೋರಿಸಿದ ಮೇಲೆ ಕಂಡರು, ಯಾರಿಗೆ ತೋರಿಸಿದರೂ ಕಾಣಲಿಲ್ಲ ಎಂದು ಗೊತ್ತಾಗುತ್ತದೆ. ಮೂರನೆಯವರ ಜೊತೆ ಕೂತು ಗಟ್ಟಿಯಾಗಿ ಓದಬೇಕು, ಅದಕ್ಕೆ ಬೇರೆ ದಾರಿ ನನಗೆ ಸಿಕ್ಕಿಲ್ಲ. 40 ಮಕ್ಕಳಿರುವಲ್ಲಿ, 40 ನಿಮಿಷದ ಪಿರಿಯಡ್‌ನಲ್ಲಿ ಇದು ಕಷ್ಟ. ವರ್ಷಕ್ಕೆ ಎರಡು ಸಲ ಮಾಡಲು ನನಗೆ ಆಗುತ್ತಿತ್ತು, ಅದಕ್ಕಿಂತ ಹೆಚ್ಚು ಆಗಲಿಲ್ಲ.

“ಏನು ಬದಲಾಗಿಲ್ಲ” ಎನ್ನುವ ಅರ್ಧವನ್ನು ಬಿಡಬೇಡಿ. “ಬದಲಾಗಿದೆಯೇ” ಅಂತ ಕೇಳಿದರೆ ಮಗು “ಹೌದು” ಎನ್ನುವುದೇ ನಿರೀಕ್ಷೆ ಅಂತ ಊಹಿಸುತ್ತದೆ.

ಮಲ್ಪೆ ಹುಡುಗಿ

ನಾನು ಗದ್ಯ ಇನ್ನೊಮ್ಮೆ ಓದಿದೆ. ಒಂದು ಡೌಟು. ಮಧ್ಯಾಹ್ನ ಕೊಡೆಯನ್ನು “ಉಳಿದವುಗಳಿಂದ ಸ್ವಲ್ಪ ದೂರದಲ್ಲಿ” ಹಾಕಿದ್ದು ಅಂತ ಉಂಟು. ಹಾಗಾದ್ರೆ ಸಂಜೆ ಹುಡುಕ್ಲಿಕ್ಕೆ ಯಾಕೆ ಹೊತ್ತಾಯ್ತು? ದೂರ ಇದ್ರೆ ಕೂಡ್ಲೆ ಸಿಗ್ಬೇಕಲ್ಲ?

ಕಲ್ಯಾಣಪುರ ಟೀಚರ್

ನಿನ್ನ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಇದು ನಾನು ಬೇಕಂತ ಮಾಡಿದ್ದಲ್ಲ, ಎರಡು ವಾಕ್ಯವೂ ಮೂಲದಲ್ಲೇ ಇವೆ. ನಾನೇ ಬರೆದದ್ದು, ನಾನೇ ತಿದ್ದಿದ್ದು, ಈವರೆಗೆ ಗಮನಿಸಿರಲಿಲ್ಲ. ಊಟಕ್ಕೆ ಮನೆಗೆ ಹೋಗಿ ಬರುವವರು ಸುಮಾರು ಜನ ಇದ್ದರು. ಅವರು ವಾಪಸ್ ಬಂದು ಖಾಲಿ ಕಂಡಲ್ಲಿ ತಮ್ಮ ಕೊಡೆ ಹಾಕಿರಬೇಕು, ನನ್ನದು ಸಾಲಿನೊಳಗೆ ಸೇರಿಹೋಗಿರಬೇಕು.

ಬಡಗುತಿಟ್ಟು

ಶಹಭಾಸ್ ಮಗಾ. ಬೆಳಗ್ಗೆ ಬೇರೆ ಇದ್ದ ಕೊಡೆ ಸಂಜೆ ಸಾಲಿನಲ್ಲಿ ಗುರುತೇ ಸಿಗದ ಹಾಗೆ ಸೇರಿಕೊಂಡಿದೆ. ಇದನ್ನು ಯಾವ ಉತ್ತರಸೂಚಿಯಲ್ಲಿ ಹಾಕುತ್ತೀರಿ?

ಗಣಿತದವ

ಗದ್ಯದಲ್ಲಿ “ಮನೆಗೆ ಹೋಗಿ ಬಂದವರು” ಅಂತ ಇಲ್ಲ. ಅದು ಟೀಚರ್ ಈಗ ನೆನಪಿನಿಂದ ಹೇಳಿದ್ದು. ಮೊನ್ನೆ ಅವರೇ ಹೇಳಿದರು, ಮಕ್ಕಳ ಮುಂದೆ ಇರುವುದು ಗದ್ಯ ಮಾತ್ರ ಅಂತ. ಯಾರೋ ಬೇಕಂತಲೇ ಸರಿಸಿರಲೂಬಹುದು, ತಂಟೆಗೆ. ಅಷ್ಟಕ್ಕೆ ಅರ್ಥ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ನಿವೃತ್ತ ಮಾಷ್ಟ್ರು, ಕಾರ್ಕಳ

ಈ ಮಾತು ಒಪ್ಪಬೇಕಾದ್ದೇ. ಕೊಡೆ ಹೇಗೆ ಸೇರಿತು ಎನ್ನುವುದಕ್ಕೆ ಗದ್ಯದಲ್ಲಿ ಆಧಾರ ಇಲ್ಲ. ಆದರೆ ಹುಡುಕಲು ಹೊತ್ತಾಯಿತು ಎಂದು ದೂರಿದವಳು ಮರುವಾಕ್ಯದಲ್ಲಿ “ಮತ್ತೆ ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ” ಅನ್ನುವುದಿಲ್ಲ, “ಹೆಸರು ಬರೆಯಬೇಕು” ಅನ್ನುತ್ತಾಳೆ. ನಾಳೆಯೂ ಸಾಲಿನಲ್ಲೇ ಹಾಕುವವಳು. ಅಷ್ಟಕ್ಕೆ ಆಧಾರ ಉಂಟು.

ದಾವಣಗೆರೆಯಿಂದ ಸುರತ್ಕಲ್‌ಗೆ

ನಿನ್ನೆ ಸಂಜೆ ಮಗ ಬಂದಾಗ “ಹೆಂಗಿತ್ತು” ಅಂತ ಕೇಳ್ಲಿಲ್ಲ. “ಕೊಡೆ ಎಲ್ಲಿ ಇಡ್ತೀರಿ ಶಾಲೆಯಾಗೆ?” ಅಂತ ಕೇಳಿದೆ. ಒಂದು ಘಳಿಗೆ ನನ್ನ ಮುಖ ನೋಡಿದ. ಆಮೇಲೆ ಬಕೆಟ್ ಇಟ್ಟಿರ್ತಾರೆ ಬಾಗಿಲ ಹತ್ರ, ಎಲ್ಲರೂ ಅದರಾಗೆ ಹಾಕ್ತಾರೆ, ತಾನು ಬ್ಯಾಗಿನಾಗೆ ಪ್ಲಾಸ್ಟಿಕ್ ಕವರಿನಾಗೆ ಇಟ್ಕೊಂತೀನಿ ಅಂದ. ಯಾಕಪ್ಪ ಅಂದ್ರೆ ಸುಮ್ನಾದ. ಅಷ್ಟೇ ಆಗಿದ್ದು. ಅದರಿಂದ ಏನು ತಿಳಕೋಬೇಕು ಗೊತ್ತಾಗ್ತಿಲ್ಲ.

ಕಲ್ಯಾಣಪುರ ಟೀಚರ್

ಅಕ್ಕ, ಅವನ ಕ್ಲಾಸ್ ಟೀಚರ್ ಹತ್ತಿರ ಒಮ್ಮೆ ಹೋಗಿ ಮಾತಾಡಿ. ಯಾರ ಪಕ್ಕ ಕೂರುತ್ತಾನೆ, ಮಧ್ಯಾಹ್ನ ಊಟಕ್ಕೆ ಯಾರ ಜೊತೆ ಇರುತ್ತಾನೆ, ಇಷ್ಟೇ ಕೇಳಿ. “ಬೇಜಾರಲ್ಲಿದ್ದಾನಾ” ಅಂತ ಕೇಳಿದರೆ “ಇಲ್ಲ, ಚೆನ್ನಾಗಿದ್ದಾನೆ” ಅಂತ ಉತ್ತರ ಬರುತ್ತದೆ, ನಾನೂ ಪೋಷಕರಿಗೆ ಹಾಗೇ ಹೇಳಿದ್ದುಂಟು. ಮುಂದೆ ಊಟ ನಿದ್ದೆ ಕಡಿಮೆಯಾದರೆ, ಶಾಲೆಗೆ ಹೋಗುವುದಿಲ್ಲ ಅಂತ ಹಟ ಹಿಡಿದರೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಉಳಿದವರಿಗೆ: ಶನಿವಾರ ಬೆಳಗ್ಗೆ ಕ್ಲಾಸ್ ಮುಗಿದ ಮೇಲೆ 41 ಪೇಪರನ್ನೂ ಮತ್ತೆ ತಿದ್ದುತ್ತೇನೆ, ಮೂರನೇ ಪ್ರಶ್ನೆ ಮಾತ್ರ. ಪೂರ್ತಿ ಅಂಕ ಸಿಕ್ಕವರಿಂದ ಕಿತ್ತುಕೊಳ್ಳುವುದಿಲ್ಲ, ಸೂಚಿ ನನ್ನದು, ತಪ್ಪೂ ನನ್ನದು. ‘ಆ’ ಮತ್ತು ‘ಇ’ಯ ಥರ ಬರೆದವರದ್ದು ಏರಿಸುತ್ತೇನೆ. ನಾಲ್ಕನೇ ಪ್ರಶ್ನೆಯನ್ನು ಮುಂದೆ ಅಪಠಿತ ಗದ್ಯದಲ್ಲಿ ಕೇಳುವುದಿಲ್ಲ, ಅದು ಪ್ರಬಂಧಕ್ಕೆ ಹೋಗಲಿ. ‘ಇ’ ಬರೆದ ಹುಡುಗನನ್ನು ಕರೆದು ಮಾತಾಡಿದೆ. ಸೊನ್ನೆ ಬಂದದ್ದಕ್ಕೆ ಅವನು ಏನೂ ಕೇಳಿರಲಿಲ್ಲ. ಹೊಳೆಯ ವಾಕ್ಯ ಯಾಕೆ ಹಿಡಿದೆ ಅಂತ ಕೇಳಿದ್ದಕ್ಕೆ, ಅವನೂ ಏಳನೇ ಕ್ಲಾಸಿಗೆ ಬೈಂದೂರಿನಿಂದ ಬಂದವನಂತೆ. ಎರಡು ವರ್ಷದಿಂದ ನನ್ನ ಮುಂದೆ ಕೂತಿದ್ದಾನೆ, ನನಗೆ ಗೊತ್ತಿರಲಿಲ್ಲ.

‘ಆ’ಗೆ 2 ಕೊಡಬೇಕೋ 3 ಕೊಡಬೇಕೋ ಇನ್ನೂ ನಿರ್ಧಾರ ಆಗಿಲ್ಲ. ಮೂರು ವಾಕ್ಯವನ್ನು ಆ ಕ್ರಮದಲ್ಲಿ ಇಟ್ಟದ್ದೇ ಮನಸ್ಥಿತಿಯನ್ನು ಹೇಳಿದ ಹಾಗಲ್ಲವಾ ಅಂತ ನನಗೆ ಅನಿಸುತ್ತದೆ.

ಬಡಗುತಿಟ್ಟು

3 ಕೊಡಿ ಟೀಚರ್. ಹೆಸರು ಹೇಳದೆ ಭಾವ ತೋರಿಸಿದ್ದಾಳೆ.

ನಿವೃತ್ತ ಮಾಷ್ಟ್ರು, ಕಾರ್ಕಳ

ನನ್ನದು 2ಕ್ಕೇ. ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಲು ಕೇಳಿದ್ದು ಪ್ರಶ್ನೆ. ಕರೆದು ಕೇಳಿ, “ಇದರಿಂದ ನಿನಗೆ ಏನನಿಸಿತು?” ಅಂತ. ಬಾಯಲ್ಲಿ ಹೇಳಿದರೆ ಮೂರನೆಯದನ್ನೂ ಕೊಡಿ.

ಮಲ್ಪೆ ಹುಡುಗಿ

ಟೀಚರ್, ಮರುದಿನ ಹಿಡಿಕೆಗೆ ಹೆಸರು ಬರೆದ್ರಾ?

ಕಲ್ಯಾಣಪುರ ಟೀಚರ್

ಜೂನ್ 2ರ ಪುಟದಲ್ಲಿ ಆ ವಿಷಯವೇ ಇಲ್ಲ. ಸುನೀತಾಳಿಂದ ಕಲಿತ ಒಂಬತ್ತು ತುಳು ಪದಗಳ ಪಟ್ಟಿ ಉಂಟು, ಒಂದು ಕಡೆ ತುಳು, ಒಂದು ಕಡೆ ನಮ್ಮ ಕುಂದಾಪುರದ ಮಾತು. ಮೊದಲನೆಯದು “ಮುಲ್ಪ”.